ನೂರಾರು ಪಾತ್ರಗಳ ಗುಂಪಿಗೆ ಹದಿನಾರು ಮಿಲಿಸೆಕೆಂಡ್

ವಿಡಿಯೋ ಗೇಮಿನಲ್ಲಿ ಕಾಣುವ ಒಬ್ಬ ಮನುಷ್ಯನ ಆಕೃತಿಗೆ ಎರಡು ಪದರಗಳಿರುತ್ತವೆ. ಹೊರಗಿನದು ಮೆಶ್, ಅಂದರೆ ಸಾವಿರಾರು ಬಿಂದುಗಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಹೆಣೆದ ಚರ್ಮ. ಒಳಗಿನದು ಮೂಳೆಗಳ ಸರಪಳಿ. ಸೊಂಟಕ್ಕೆ ತೊಡೆ, ತೊಡೆಗೆ ಮೊಣಕಾಲು, ಮೊಣಕಾಲಿಗೆ ಪಾದ, ಹೀಗೆ ಒಂದಕ್ಕೊಂದು ಅಂಟಿಕೊಂಡ ಐವತ್ತು ಅರವತ್ತು ಕೊಂಡಿಗಳು. ಈ ಮೂಳೆಗಳು ತೆರೆಯ ಮೇಲೆ ಕಾಣುವುದಿಲ್ಲ, ಆದರೆ ಚಲನೆಯೆಲ್ಲ ಇವುಗಳದ್ದೇ. ಕಲಾವಿದರು ಮೊದಲೇ ಸಿದ್ಧಪಡಿಸಿಟ್ಟ ನಡಿಗೆಯ ತುಣುಕಿನಲ್ಲಿ ಯಾವ ಮೂಳೆ ಯಾವ ಹೊತ್ತಿಗೆ ಎಷ್ಟು ತಿರುಗಬೇಕು ಎಂಬುದು ಮಾತ್ರ ದಾಖಲಾಗಿರುತ್ತದೆ.

ಆ ದಾಖಲೆಯನ್ನು ಚಿತ್ರವಾಗಿಸಲು ಕಂಪ್ಯೂಟರ್ ಪ್ರತಿ ಫ್ರೇಮಿಗೂ ಎರಡು ಕೆಲಸ ಮಾಡಬೇಕು. ಮೊದಲನೆಯದು ಭಂಗಿಯ ಲೆಕ್ಕ. ಈ ಕ್ಷಣದ ಹಿಂದಿನ ಮತ್ತು ಮುಂದಿನ ದಾಖಲೆಗಳನ್ನು ಓದಿ, ನಡುವಿನ ಬೆಲೆಯನ್ನು ಪ್ರತಿ ಮೂಳೆಗೂ ಕಂಡುಹಿಡಿಯಬೇಕು. ಪಾತ್ರ ನಡಿಗೆಯಿಂದ ಓಟಕ್ಕೆ ಹೊರಳುತ್ತಿದ್ದರೆ ಎರಡೂ ತುಣುಕುಗಳನ್ನು ಓದಿ ಬೆರೆಸಬೇಕು. ಆಮೇಲೆ ಸೊಂಟದಿಂದ ಶುರುಮಾಡಿ ಒಂದೊಂದೇ ಮೂಳೆಯ ನಿಜವಾದ ಜಾಗವನ್ನು ಲೆಕ್ಕಹಾಕುತ್ತಾ ತುದಿಬೆರಳಿನವರೆಗೆ ಹೋಗಬೇಕು. ತೊಡೆ ಎಲ್ಲಿದೆ ಎಂದು ತಿಳಿಯದೆ ಪಾದ ಎಲ್ಲಿದೆ ಎಂದು ಹೇಳಲಾಗದು. ಎರಡನೆಯ ಕೆಲಸ ಸ್ಕಿನ್ನಿಂಗ್. ಚರ್ಮದ ಪ್ರತಿ ಬಿಂದುವೂ ಸಾಮಾನ್ಯವಾಗಿ ನಾಲ್ಕು ಮೂಳೆಗಳವರೆಗೆ ಅಂಟಿಕೊಂಡಿರುತ್ತದೆ, ಪ್ರತಿಯೊಂದಕ್ಕೂ ಇಂತಿಷ್ಟು ಪಾಲು ಎಂದು ತೂಕ ನಿಗದಿಯಾಗಿರುತ್ತದೆ. ಆ ನಾಲ್ಕರ ಚಲನೆಯನ್ನು ತೂಕದ ಪ್ರಕಾರ ಬೆರೆಸಿ ಬಿಂದುವನ್ನು ಹೊಸ ಜಾಗಕ್ಕೆ ಸರಿಸಬೇಕು. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡುವುದು ಮುಖ್ಯ. ಖರ್ಚು ತಗ್ಗಿಸುವ ಒಂದೊಂದು ಉಪಾಯವೂ ಇವೆರಡರಲ್ಲಿ ಒಂದನ್ನು ಹಿಡಿಯುತ್ತದೆ, ಇನ್ನೊಂದನ್ನು ಬಿಡುತ್ತದೆ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ನಗರದ ಚೌಕವೊಂದರಲ್ಲಿ 400 ಜನ ಓಡಾಡುತ್ತಿದ್ದಾರೆ. ಒಬ್ಬೊಬ್ಬರಿಗೆ 60 ಮೂಳೆ, 5,000 ಬಿಂದು. ಗೇಮ್ ಸೆಕೆಂಡಿಗೆ 60 ಫ್ರೇಮಿನ ವೇಗದಲ್ಲಿ ಓಡಬೇಕಾದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ದಾರಿ ಹುಡುಕುವ ಲೆಕ್ಕ, ಶಬ್ದ, ಡಿಕ್ಕಿಯ ಪರೀಕ್ಷೆ, ಚಿತ್ರ ಬಿಡಿಸುವ ಆಜ್ಞೆಗಳು ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಒಂದು ಪಾತ್ರದ ಭಂಗಿಯ ಲೆಕ್ಕಕ್ಕೆ ಸಿಪಿಯುವಿನ ಒಂದು ಕೋರ್ 0.05 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ 400 ಜನಕ್ಕೆ 20 ಮಿಲಿಸೆಕೆಂಡ್ ಬೇಕು. ಬೇರೆ ಯಾವ ಕೆಲಸವೂ ಆರಂಭವಾಗುವ ಮೊದಲೇ ಸಮಯ ಮೀರಿಹೋಯಿತು. ಚರ್ಮದ ಲೆಕ್ಕ ಇನ್ನೂ ದೊಡ್ಡದು: 20 ಲಕ್ಷ ಬಿಂದು, ಒಂದೊಂದಕ್ಕೂ ನಾಲ್ಕು ಮೂಳೆಯ ಗುಣಾಕಾರ, ಅಂದರೆ ಫ್ರೇಮಿಗೆ 80 ಲಕ್ಷ. ಭಂಗಿಯ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಬಹುದು, ಎಂಜಿನ್‌ಗಳು ಹಂಚುತ್ತವೆ ಕೂಡ. ಆದರೆ ಹಂಚಿದ ಮಾತ್ರಕ್ಕೆ ಕೆಲಸ ಕಡಿಮೆಯಾಗುವುದಿಲ್ಲ. ಉಳಿದ ಕೋರ್‌ಗಳಿಗೂ ಅವುಗಳದ್ದೇ ಹೊರೆ ಇರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ್ದು ಯಾವ ಕೆಲಸವನ್ನು ಮಾಡದೆಯೇ ಇರಬಹುದು ಎಂದು. ಕ್ಯಾಮೆರಾ ಚೌಕದ ನಡುವೆ ನಿಂತಿದ್ದರೆ 400 ಜನರಲ್ಲಿ ಹೆಚ್ಚಿನವರು ಅದರ ಬೆನ್ನ ಹಿಂದೆ ಅಥವಾ ಅಕ್ಕಪಕ್ಕದಲ್ಲಿರುತ್ತಾರೆ. ಕ್ಯಾಮೆರಾ ನೋಡುವ ಜಾಗಕ್ಕೆ ತುದಿ ಕತ್ತರಿಸಿದ ಗೋಪುರದ ಆಕಾರ, ಅದಕ್ಕೆ ಆರು ಮೇಲ್ಮೈ. ಪ್ರತಿ ಪಾತ್ರವನ್ನೂ ಒಂದು ಕಾಲ್ಪನಿಕ ಪೆಟ್ಟಿಗೆಯಲ್ಲೋ ಗೋಳದಲ್ಲೋ ಸುತ್ತಿ, ಆ ಗೋಳ ಆರರಲ್ಲಿ ಯಾವುದಾದರೂ ಒಂದು ಮೇಲ್ಮೈಯ ಪೂರ್ತಿ ಹೊರಗೆ ಬಿದ್ದರೆ ಪಾತ್ರವನ್ನು ಆ ಫ್ರೇಮಿನಿಂದ ಕೈಬಿಡುತ್ತಾರೆ. ಇದೇ ಕಲ್ಲಿಂಗ್. ಗೋಳವಾದರೆ ಹೆಚ್ಚೆಂದರೆ ಆರು ಸಣ್ಣ ಲೆಕ್ಕ. ಅರವತ್ತು ಮೂಳೆಗಳ ಭಂಗಿಯ ಮುಂದೆ ಅದು ಏನೂ ಅಲ್ಲ.

ತತ್ವ ಸರಳ, ಎಡವುವುದು ವಿವರಗಳಲ್ಲಿ. ಸುತ್ತುವ ಪೆಟ್ಟಿಗೆಯನ್ನು ಪಾತ್ರ ಕೈಚಾಚಿ ಸುಮ್ಮನೆ ನಿಂತ ಮೂಲ ಭಂಗಿಯಿಂದ ಅಳೆದಿದ್ದರೆ, ಅದೇ ಪಾತ್ರ ಕುಣಿಯುತ್ತಾ ಕೈ ಮೇಲೆತ್ತಿದಾಗ ಕೈ ಪೆಟ್ಟಿಗೆಯಿಂದ ಹೊರಗೆ ಹೋಗುತ್ತದೆ. ಪೆಟ್ಟಿಗೆ ತೆರೆಯಾಚೆ ಸರಿದ ಕೂಡಲೆ, ಕೈ ಇನ್ನೂ ಅಂಚಿನಲ್ಲಿ ಕಾಣಬೇಕಾಗಿದ್ದರೂ ಇಡೀ ಮನುಷ್ಯ ಮಾಯವಾಗುತ್ತಾನೆ. ತೆರೆಯ ಅಂಚಿನಲ್ಲಿ ಆಕೃತಿಗಳು ಮಿಣುಕಿದಂತೆ ಕಂಡರೆ ಕಾರಣ ಬಹುತೇಕ ಇದೇ. ಪ್ರತಿ ಫ್ರೇಮಿಗೂ ಪೆಟ್ಟಿಗೆಯನ್ನು ಹೊಸದಾಗಿ ಅಳೆಯುವುದು ಪರಿಹಾರವಲ್ಲ, ಅದಕ್ಕೆ ಭಂಗಿಯನ್ನೇ ಲೆಕ್ಕಹಾಕಬೇಕಾಗುತ್ತದೆ, ಉಳಿಸಹೊರಟ ಖರ್ಚೇ ಮರಳಿ ಬರುತ್ತದೆ. ಎಲ್ಲ ತುಣುಕುಗಳ ಎಲ್ಲ ಫ್ರೇಮುಗಳನ್ನೂ ಮೊದಲೇ ಅಳೆದು, ಅವೆಲ್ಲವನ್ನೂ ಒಳಗೊಳ್ಳುವ ಒಂದೇ ದೊಡ್ಡ ಪೆಟ್ಟಿಗೆಯನ್ನು ನಿಗದಿ ಮಾಡುವುದು ಸರಿಯಾದ ದಾರಿ. ಕೆಲವರನ್ನು ಅನಗತ್ಯವಾಗಿ ಉಳಿಸಿಕೊಂಡಂತಾಗುತ್ತದೆ, ಅದು ಸಣ್ಣ ನಷ್ಟ.

ನೆರಳಿನದು ಇನ್ನೊಂದು ತೊಡಕು. ಸಂಜೆಯ ಬಿಸಿಲಿನಲ್ಲಿ ಕ್ಯಾಮೆರಾದ ಹಿಂದೆ ನಿಂತವನ ಉದ್ದನೆಯ ನೆರಳು ಕ್ಯಾಮೆರಾದ ಮುಂದಿನ ನೆಲದ ಮೇಲೆ ಬೀಳುತ್ತದೆ. ಅವನನ್ನು ಕೈಬಿಟ್ಟರೆ ನೆರಳು ಇದ್ದಕ್ಕಿದ್ದಂತೆ ಅಳಿಸಿಹೋಗುತ್ತದೆ. ಹಾಗಾಗಿ ದೀಪದ ದಿಕ್ಕಿನಿಂದ ಮತ್ತೊಂದು ಪರೀಕ್ಷೆ ಬೇಕು, ಅದರಲ್ಲಿ ಉಳಿದವರಿಗೆ ನೆರಳಿನ ಮಟ್ಟಿಗೆ ಒರಟಾದ ಮೆಶ್ ಸಾಕು.

ಇವೆರಡಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಕೈಬಿಡುವುದು ಎಂದರೆ ಏನನ್ನು ಕೈಬಿಡುವುದು ಎಂಬುದು. ಚಿತ್ರ ಬಿಡಿಸುವುದನ್ನು ನಿಲ್ಲಿಸಿ ಭಂಗಿಯ ಲೆಕ್ಕವನ್ನು ಮುಂದುವರಿಸಿದರೆ ಸಿಪಿಯುವಿಗೆ ಅಷ್ಟೇನೂ ಉಳಿತಾಯವಿಲ್ಲ. ಭಂಗಿಯನ್ನೂ ಕಾಲವನ್ನೂ ನಿಲ್ಲಿಸಿಬಿಟ್ಟರೆ ಪಾತ್ರ ಮತ್ತೆ ಕಣ್ಣಿಗೆ ಬಿದ್ದಾಗ ಹಳೆಯ ಹೆಜ್ಜೆಯಿಂದಲೇ ಎದ್ದುಬರುತ್ತದೆ. ಯೂನಿಟಿ ಎಂಜಿನ್ ಈ ಆಯ್ಕೆಯನ್ನು ಮೂರು ಹೆಸರುಗಳಲ್ಲಿ ಕೊಡುತ್ತದೆ. `Always Animate` ಏನನ್ನೂ ಬಿಡುವುದಿಲ್ಲ. `Cull Update Transforms` ಪಾತ್ರದ ಸ್ಥಿತಿ ಮತ್ತು ಮುಂಚಲನೆಯನ್ನು ಲೆಕ್ಕಹಾಕುತ್ತಾ ಮೂಳೆಗಳನ್ನು ಸರಿಸುವುದನ್ನು ಮಾತ್ರ ಬಿಡುತ್ತದೆ. `Cull Completely` ಎಲ್ಲವನ್ನೂ ನಿಲ್ಲಿಸುತ್ತದೆ. ಗುಂಪಿನ ಜನಕ್ಕೆ ಕೊನೆಯದೇ ಅಗ್ಗ, ಆದರೆ ಒಂದು ಷರತ್ತಿನ ಮೇಲೆ. ಪಾತ್ರ ನೆಲದ ಮೇಲೆ ಮುಂದೆ ಸಾಗುವುದು ನಡಿಗೆಯ ತುಣುಕಿನ ಒಳಗಿನಿಂದಲೇ ಆಗುತ್ತಿದ್ದರೆ, ತುಣುಕು ನಿಂತಾಗ ಮನುಷ್ಯನೂ ನಿಂತಲ್ಲೇ ನಿಲ್ಲುತ್ತಾನೆ. ಆಟಗಾರ ತಿರುಗಿ ನೋಡಿದಾಗ ಇಡೀ ಗುಂಪು ಬಿಟ್ಟ ಜಾಗದಲ್ಲೇ ಇರುತ್ತದೆ. ಆದ್ದರಿಂದ ಗುಂಪಿನ ಪಾತ್ರಗಳನ್ನು ಮುಂದೆ ಸಾಗಿಸುವ ಹೊಣೆ ದಾರಿ ಹುಡುಕುವ ವ್ಯವಸ್ಥೆಯದ್ದಾಗಬೇಕು, ತುಣುಕು ಕೈಕಾಲುಗಳನ್ನು ಮಾತ್ರ ಆಡಿಸಬೇಕು. ಹೆಜ್ಜೆಯ ಹೊತ್ತನ್ನು ಗೇಮಿನ ಒಟ್ಟು ಗಡಿಯಾರದಿಂದ ಪಡೆದರೆ ಎಷ್ಟು ಹೊತ್ತು ಮರೆಯಲ್ಲಿದ್ದರೂ ಹೊರಬಂದ ಕ್ಷಣಕ್ಕೆ ಸರಿಯಾದ ಹೆಜ್ಜೆ ಸಿಗುತ್ತದೆ. ಯೂನಿಟಿಯಲ್ಲಿ ಕಲ್ಲಿಂಗ್ ಕೆಲಸ ಮಾಡುತ್ತಿಲ್ಲವೆಂದು ಕೆಲವರಿಗೆ ಅನಿಸುವುದಕ್ಕೆ ಇನ್ನೊಂದು ಚಿಕ್ಕ ಕಾರಣವಿದೆ: ಎಡಿಟರಿನ ಸೀನ್ ಕಿಟಕಿಯೂ ಒಂದು ಕ್ಯಾಮೆರಾ. ಅಲ್ಲಿ ಕಾಣುವವರೂ ಕಾಣುವವರೇ ಎಂಬ ಲೆಕ್ಕಕ್ಕೆ ಸೇರುತ್ತಾರೆ. ಅಳತೆಯನ್ನು ಸಿದ್ಧ ಗೇಮಿನಲ್ಲೇ ಮಾಡಬೇಕು.

ಚೌಕದ ಉದಾಹರಣೆಯಲ್ಲಿ ಕಲ್ಲಿಂಗ್ ಆದ ಮೇಲೆ 160 ಜನ ಉಳಿದರು ಎನ್ನೋಣ. 20 ಮಿಲಿಸೆಕೆಂಡ್ 8ಕ್ಕೆ ಇಳಿಯಿತು. ಫ್ರೇಮಿನ ಅರ್ಧದಷ್ಟು ಸಮಯ ಇನ್ನೂ ಗುಂಪಿನ ಪಾಲಾಗುತ್ತಿದೆ. ಅಲ್ಲದೆ ಈ ಸಂಖ್ಯೆ ಸ್ಥಿರವಲ್ಲ, ಕ್ಯಾಮೆರಾ ಚೌಕದ ಮೂಲೆಗೆ ಹೋಗಿ ಇಡೀ ಗುಂಪನ್ನು ನೋಡಿದರೆ 400 ಜನರೂ ಮರಳುತ್ತಾರೆ. ಕಲ್ಲಿಂಗ್ ಒಂದನ್ನೇ ನಂಬಿದ ಗೇಮ್ ಎತ್ತರದ ಮಹಡಿಯಿಂದ ಕೆಳಗೆ ನೋಡಿದಾಗ ತಡವರಿಸುವುದು ಇದಕ್ಕೇ.

ಕಾಣುತ್ತಿರುವವರಲ್ಲೂ ಎಲ್ಲರಿಗೂ ಸೆಕೆಂಡಿಗೆ 60 ಹೊಸ ಭಂಗಿ ಬೇಕಿಲ್ಲ. ಎಷ್ಟು ಸಾಕು ಎಂಬುದನ್ನು ಅಂದಾಜಿನಿಂದಲ್ಲ, ಅಳತೆಯಿಂದಲೇ ಹೇಳಬಹುದು. ಮನುಷ್ಯ ಸೆಕೆಂಡಿಗೆ 1.4 ಮೀಟರ್ ನಡೆಯುತ್ತಾನೆ. ಅವನ ಭಂಗಿಯನ್ನು ನಾಲ್ಕು ಫ್ರೇಮಿಗೊಮ್ಮೆ ಮಾತ್ರ ಬದಲಿಸಿದರೆ, ನಡುವಿನ ಮೂರು ಫ್ರೇಮುಗಳಲ್ಲಿ ದೇಹ ಮುಂದೆ ಸಾಗುತ್ತದೆ, ಕಾಲು ಹಳೆಯ ಭಂಗಿಯಲ್ಲೇ ಇರುತ್ತದೆ. ಮೂರು ಫ್ರೇಮಿಗೆ 50 ಮಿಲಿಸೆಕೆಂಡ್, ಅಷ್ಟರಲ್ಲಿ 7 ಸೆಂಟಿಮೀಟರ್. ನೆಲಕ್ಕೂರಿರಬೇಕಾದ ಪಾದ ಅಷ್ಟು ಜಾರಿ, ಮುಂದಿನ ಫ್ರೇಮಿನಲ್ಲಿ ಹಿಂದಕ್ಕೆ ನೆಗೆಯುತ್ತದೆ. 170 ಸೆಂಟಿಮೀಟರ್ ಎತ್ತರದ ಪಾತ್ರ ತೆರೆಯ ಮೇಲೆ 600 ಪಿಕ್ಸೆಲ್ ಎತ್ತರಕ್ಕೆ ಕಾಣುತ್ತಿದ್ದರೆ ಈ ಜಾರಿಕೆ 25 ಪಿಕ್ಸೆಲ್, ಯಾರಿಗಾದರೂ ಕಣ್ಣಿಗೆ ಚುಚ್ಚುತ್ತದೆ. ಅದೇ ಪಾತ್ರ ದೂರದಲ್ಲಿ 40 ಪಿಕ್ಸೆಲ್‌ನಷ್ಟೇ ಇದ್ದರೆ ಜಾರಿಕೆ ಎರಡು ಪಿಕ್ಸೆಲ್ಲಿಗೂ ಕಡಿಮೆ, ಗುಂಪಿನ ನಡುವೆ ಅದನ್ನು ಯಾರೂ ಗುರುತಿಸಲಾರರು. ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ದರವನ್ನು ನಿರ್ಧರಿಸಬೇಕಾದ್ದು ಮೀಟರಿನ ದೂರವಲ್ಲ, ತೆರೆಯ ಮೇಲಿನ ಎತ್ತರ. ಆಟಗಾರ ದುರ್ಬೀನು ಹಿಡಿದ ಕೂಡಲೆ ನೂರು ಮೀಟರ್ ಆಚೆಯವನೂ 600 ಪಿಕ್ಸೆಲ್ ಆಗುತ್ತಾನೆ.

ದರ ತಗ್ಗಿಸುವ ತುಣುಕು ಪ್ರೋಗ್ರಾಮು ನಾಲ್ಕು ಸಾಲಿನದ್ದು, ಆದರೆ ಪ್ರತಿ ಸಾಲಿಗೂ ಕಾರಣವಿದೆ.

```
waited[id] += dt;
if ((frame + id) % step[id] == 0) {
    evaluatePose(id, waited[id]);
    waited[id] = 0;
}
```

ಮೊದಲ ಸಾಲು ಕಳೆದ ಸಮಯವನ್ನು ಕೂಡಿಡುತ್ತದೆ. ಇದನ್ನು ಮರೆತು ಕೊನೆಯ ಫ್ರೇಮಿನ ಸಮಯವನ್ನಷ್ಟೇ ಕೊಟ್ಟರೆ ನಾಲ್ಕಕ್ಕೊಮ್ಮೆ ಬದಲಾಗುವ ಪಾತ್ರ ನಾಲ್ಕನೇ ಒಂದು ವೇಗದಲ್ಲಿ ಕಾಲೆಳೆಯುತ್ತದೆ. ಎರಡನೆಯ ಸಾಲಿನಲ್ಲಿ ಫ್ರೇಮಿನ ಸಂಖ್ಯೆಗೆ ಪಾತ್ರದ ಸಂಖ್ಯೆಯನ್ನು ಕೂಡಿಸಿರುವುದು ಸರದಿಯನ್ನು ಹಂಚಲು. ಅದಿಲ್ಲದಿದ್ದರೆ ದೂರದವರೆಲ್ಲರೂ ಒಂದೇ ಫ್ರೇಮಿನಲ್ಲಿ ಭಂಗಿ ಬದಲಿಸುತ್ತಾರೆ, ನಂತರದ ಮೂರು ಫ್ರೇಮುಗಳಲ್ಲಿ ಯಾರೂ ಇಲ್ಲ. ಸರಾಸರಿ ಸಮಯ ಚೆನ್ನಾಗಿಯೇ ಕಾಣುತ್ತದೆ, ಆದರೆ ಪ್ರತಿ ನಾಲ್ಕನೆಯ ಫ್ರೇಮ್ ತಡವಾಗಿ ಚಿತ್ರ ಎಡವುತ್ತದೆ. ಇಂಥ ಕೆಲಸದಲ್ಲಿ ಸರಾಸರಿಯನ್ನು ನೋಡುವುದಕ್ಕಿಂತ ಅತಿ ನಿಧಾನದ ಫ್ರೇಮನ್ನು ನೋಡುವುದು ಒಳ್ಳೆಯದು.

ಮಧ್ಯಮ ದೂರದವರಿಗೆ ಹಳೆಯ ಭಂಗಿಯನ್ನು ಹಾಗೇ ಹಿಡಿದಿಡುವುದು ಒರಟಾಗುತ್ತದೆ. ಅವರಿಗೆ ಮುಂದಿನ ಭಂಗಿಯನ್ನು ಮೊದಲೇ ಲೆಕ್ಕಹಾಕಿಟ್ಟು, ನಡುವಿನ ಫ್ರೇಮುಗಳಲ್ಲಿ ಅದರ ಕಡೆಗೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಬಹುದು. ಎರಡು ಸಿದ್ಧ ಭಂಗಿಗಳನ್ನು ಬೆರೆಸುವುದು ತುಣುಕು ಓದಿ ಹೊಸದನ್ನು ಕಟ್ಟುವುದಕ್ಕಿಂತ ಬಹಳ ಅಗ್ಗ. ಅನ್ರಿಯಲ್ ಎಂಜಿನ್ನಿನಲ್ಲಿ ಈ ಏರ್ಪಾಡು ಸಿದ್ಧವಾಗಿಯೇ ಇದೆ, `a.URO.Enable` ಎಂಬ ಆಜ್ಞೆಯಿಂದ ಅದನ್ನು ಹಚ್ಚಿ ಆರಿಸಿ ಹೋಲಿಸಬಹುದು. ಅದರ ಮಿತಿಯೂ ಸ್ಪಷ್ಟ: ಭಂಗಿ ಮೊದಲೇ ನಿಶ್ಚಯವಾಗಿರುವುದರಿಂದ ಪಾತ್ರಕ್ಕೆ ಪೆಟ್ಟು ಬಿದ್ದರೆ ಪ್ರತಿಕ್ರಿಯೆ ಕೆಲವು ಫ್ರೇಮ್ ತಡ. ಆಟಗಾರ ಮುಟ್ಟಬಹುದಾದವರನ್ನು ಪೂರ್ಣ ದರದಲ್ಲೇ ಇಡಬೇಕು.

ಚೌಕದ 160 ಜನರಲ್ಲಿ ಹತ್ತಿರದ 20 ಜನಕ್ಕೆ ಪ್ರತಿ ಫ್ರೇಮ್, ನಡುವಿನ 50 ಜನಕ್ಕೆ ಎರಡಕ್ಕೊಮ್ಮೆ, ದೂರದ 90 ಜನಕ್ಕೆ ನಾಲ್ಕಕ್ಕೊಮ್ಮೆ ಎಂದು ಗೊತ್ತುಮಾಡಿದರೆ ಒಂದು ಫ್ರೇಮಿಗೆ ಬೀಳುವ ಭಂಗಿಗಳು ಸುಮಾರು 68. ಅದಕ್ಕೆ 3.4 ಮಿಲಿಸೆಕೆಂಡ್, ನಡುವಿನವರ ಬೆರಕೆಗೆ ಇನ್ನು ಸ್ವಲ್ಪ. ಎಂಟು ಇದ್ದದ್ದು ನಾಲ್ಕರ ಒಳಗೆ ಬಂತು.

ಇಲ್ಲಿಯವರೆಗಿನ ಉಳಿತಾಯವೆಲ್ಲ ಭಂಗಿಯದ್ದು. ಚರ್ಮದ 80 ಲಕ್ಷ ಗುಣಾಕಾರಗಳು ಜಿಪಿಯುವಿಗೆ ಹೇಳಿ ಮಾಡಿಸಿದ ಕೆಲಸ. ಒಂದು ಬಿಂದುವಿನ ಲೆಕ್ಕಕ್ಕೆ ಇನ್ನೊಂದು ಬಿಂದುವಿನ ಉತ್ತರ ಬೇಕಿಲ್ಲ, ಆದ್ದರಿಂದ ಸಾವಿರಾರು ಬಿಂದುಗಳನ್ನು ಒಟ್ಟಿಗೇ ಸರಿಸಬಹುದು. ಸಿಪಿಯು ಪ್ರತಿ ಪಾತ್ರಕ್ಕೂ 60 ಮೂಳೆಗಳ ಮ್ಯಾಟ್ರಿಕ್ಸುಗಳನ್ನು ಕಳಿಸುತ್ತದೆ, ಜಿಪಿಯು ಚರ್ಮವನ್ನು ಅದಕ್ಕೆ ಹೊಂದಿಸುತ್ತದೆ. ಇಂದಿನ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಆದರೆ ಇಲ್ಲೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಜಿಪಿಯು ಸ್ಕಿನ್ನಿಂಗ್ ಆಯ್ಕೆಯನ್ನು ಹಚ್ಚಿದ ಮಾತ್ರಕ್ಕೆ ಭಂಗಿಯ ಲೆಕ್ಕ ಸಿಪಿಯುವಿನಿಂದ ಹೋಗುವುದಿಲ್ಲ. ತುಣುಕು ಓದುವುದು, ಬೆರೆಸುವುದು, ಸೊಂಟದಿಂದ ಬೆರಳಿನವರೆಗೆ ಇಳಿಯುವುದು ಎಲ್ಲವೂ ಅಲ್ಲೇ ಉಳಿಯುತ್ತವೆ. ಭಂಗಿಯೇ ಹೊರೆಯಾಗಿರುವ ಗೇಮಿನಲ್ಲಿ ಈ ಆಯ್ಕೆಯಿಂದ ಏನೂ ಬದಲಾಗದಿದ್ದರೆ ಆಶ್ಚರ್ಯವಿಲ್ಲ. ಹೊರೆ ಎಲ್ಲಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಚಿತ್ರದ ರೆಸಲ್ಯೂಶನ್ನನ್ನು ಅರ್ಧಕ್ಕಿಳಿಸಿ, ಆಮೇಲೆ ಪಾತ್ರಗಳ ಬಿಂದುಗಳನ್ನು ಕಡಿಮೆ ಮಾಡಿ ನೋಡುವುದು. ಎರಡಕ್ಕೂ ಫ್ರೇಮಿನ ಸಮಯ ಕದಲದಿದ್ದರೆ ಹೊರೆ ಸಿಪಿಯುವಿನದ್ದು.

ಭಂಗಿಯನ್ನೂ ಸಿಪಿಯುವಿನಿಂದ ಪೂರ್ತಿ ಕಳಚುವ ದಾರಿ ಇದೆ, ಗುಂಪಿಗಾಗಿಯೇ ರೂಪುಗೊಂಡದ್ದು. ಎನ್ವಿಡಿಯಾ ಕಂಪನಿಯ ಬ್ರಯನ್ ಡುಡಾಶ್ 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅದು ಸ್ಪಷ್ಟ ರೂಪ ಪಡೆಯಿತು. ಆಗಿನ ಜಿಫೋರ್ಸ್ 8800 ಕಾರ್ಡಿನ ಮೇಲೆ ಹತ್ತಿರ ಹತ್ತಿರ 10,000 ಪಾತ್ರಗಳ ಗುಂಪನ್ನು ಅದು ಚಲಿಸುವಂತೆ ತೋರಿಸಿತು. ಉಪಾಯ ಹೀಗೆ. ಪ್ರತಿ ತುಣುಕಿನ ಪ್ರತಿ ಫ್ರೇಮಿಗೂ ಎಲ್ಲ ಮೂಳೆಗಳ ಅಂತಿಮ ಮ್ಯಾಟ್ರಿಕ್ಸನ್ನು ಗೇಮ್ ತಯಾರಿಯ ಹಂತದಲ್ಲೇ ಲೆಕ್ಕಹಾಕಿ ಒಂದು ಟೆಕ್ಸ್ಚರಿನಲ್ಲಿ ಬರೆದಿಡುವುದು. ಟೆಕ್ಸ್ಚರ್ ಎಂದರೆ ಸಾಮಾನ್ಯವಾಗಿ ಬಣ್ಣದ ಚಿತ್ರ, ಇಲ್ಲಿ ಮಾತ್ರ ಪಿಕ್ಸೆಲ್ಲಿನ ನಾಲ್ಕು ಬಣ್ಣದ ಬೆಲೆಗಳ ಜಾಗದಲ್ಲಿ ಮ್ಯಾಟ್ರಿಕ್ಸಿನ ಒಂದು ಸಾಲಿನ ನಾಲ್ಕು ಅಂಕಿಗಳಿರುತ್ತವೆ. ಮ್ಯಾಟ್ರಿಕ್ಸಿನ ಕೊನೆಯ ಸಾಲು ಯಾವಾಗಲೂ ಒಂದೇ ಆದ್ದರಿಂದ ಮೂಳೆಗೆ ಮೂರು ಪಿಕ್ಸೆಲ್ ಸಾಕು. 60 ಮೂಳೆಗೆ 180 ಪಿಕ್ಸೆಲ್‌ನ ಒಂದು ಸಾಲು. ಎರಡು ಸೆಕೆಂಡಿನ ನಡಿಗೆಯನ್ನು ಸೆಕೆಂಡಿಗೆ 30ರಂತೆ ಬರೆದರೆ 60 ಸಾಲು. ಒಟ್ಟು 10,800 ಪಿಕ್ಸೆಲ್, ಪಿಕ್ಸೆಲ್ಲಿಗೆ 8 ಬೈಟಿನಂತೆ 86,400 ಬೈಟ್. ಹತ್ತು ಬಗೆಯ ಚಲನೆಗಳನ್ನು ಇಟ್ಟುಕೊಂಡರೂ ಒಂದು ಮೆಗಾಬೈಟ್ ದಾಟುವುದಿಲ್ಲ. ಮೂಳೆಗಳ ಬದಲು ಬಿಂದುಗಳ ಜಾಗವನ್ನೇ ಬರೆದಿಡುವ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಜಿಪಿಯುವಿನ ಲೆಕ್ಕ ಇನ್ನೂ ಸರಳ, ಆದರೆ 5,000 ಬಿಂದುಗಳ ಅದೇ ಒಂದು ನಡಿಗೆಗೆ 24 ಲಕ್ಷ ಬೈಟ್ ಬೇಕು. ಬಿಂದುಗಳು ಕಡಿಮೆಯಿರುವ ದೂರದ ಆಕೃತಿಗಳಿಗೆ ಮಾತ್ರ ಅದು ಒಪ್ಪುತ್ತದೆ.

ಈಗ ಸಿಪಿಯು ಪ್ರತಿ ಪಾತ್ರಕ್ಕೆ ಕಳಿಸಬೇಕಾದ್ದು ಮೂರೇ ಸಂಗತಿ: ಎಲ್ಲಿ ನಿಂತಿದ್ದಾನೆ, ಯಾವ ತುಣುಕು, ಅದರಲ್ಲಿ ಎಷ್ಟನೆಯ ಕ್ಷಣ. ಜಿಪಿಯು ಟೆಕ್ಸ್ಚರಿನ ಆ ಸಾಲನ್ನು ಓದಿಕೊಂಡು ಚರ್ಮವನ್ನು ಸರಿಸುತ್ತದೆ. ಒಂದೇ ಮೆಶ್ ಹಂಚಿಕೊಂಡವರನ್ನೆಲ್ಲ ಒಂದೇ ಆಜ್ಞೆಯಲ್ಲಿ ಬಿಡಿಸಬಹುದಾದ್ದರಿಂದ ಚಿತ್ರ ಬಿಡಿಸುವ ನೂರಾರು ಆಜ್ಞೆಗಳು ಬೆರಳೆಣಿಕೆಗೆ ಇಳಿಯುತ್ತವೆ. ಪ್ರತಿಯೊಬ್ಬರ ಆರಂಭದ ಕ್ಷಣವನ್ನು ಬೇರೆ ಬೇರೆ ಮಾಡದಿದ್ದರೆ ಎಲ್ಲರೂ ಕವಾಯತಿನಂತೆ ಒಂದೇ ಕಾಲೆತ್ತುತ್ತಾರೆ ಎಂಬುದನ್ನು ನೆನಪಿಡಬೇಕು. ದೂರದ 90 ಜನರನ್ನು ಈ ದಾರಿಗೆ ಹಾಕಿದರೆ ಸಿಪಿಯುವಿಗೆ ಉಳಿಯುವುದು ಫ್ರೇಮಿಗೆ 45 ಭಂಗಿ, 2.25 ಮಿಲಿಸೆಕೆಂಡ್. ಅದಕ್ಕಿಂತ ದೊಡ್ಡ ಲಾಭ ಮಹಡಿಯ ಮೇಲಿನಿಂದ ನೋಡುವಾಗ. 400 ಜನ ಕಂಡರೂ ಹೆಚ್ಚಾಗುವುದು ದೂರದವರ ಸಂಖ್ಯೆಯೇ ಹೊರತು ಭಂಗಿಯ ಲೆಕ್ಕವಲ್ಲ.

ಈ ಟೆಕ್ಸ್ಚರನ್ನು ಚಿತ್ರದಂತೆ ನಡೆಸಿಕೊಂಡರೆ ಕೆಡುತ್ತದೆ. ಎಂಜಿನ್ ತನ್ನ ರೂಢಿಯಂತೆ ಅದನ್ನು ಸಂಕುಚಿತಗೊಳಿಸಿದರೆ, ಬಣ್ಣದ ತಿದ್ದುಪಡಿ ಹಚ್ಚಿದರೆ, ಅಥವಾ ಅಕ್ಕಪಕ್ಕದ ಪಿಕ್ಸೆಲ್ಲುಗಳನ್ನು ಬೆರೆಸಿದರೆ ಒಂದು ಮೂಳೆಯ ಅಂಕಿ ಇನ್ನೊಂದಕ್ಕೆ ಸೇರಿ ಆಕೃತಿ ಮುಳ್ಳುಮುಳ್ಳಾಗಿ ಸಿಡಿದುಹೋಗುತ್ತದೆ. ಸಿಡಿತ ಕಂಡರೆ ಮೊದಲು ನೋಡಬೇಕಾದ್ದು ಟೆಕ್ಸ್ಚರಿನ ಆಮದು ಆಯ್ಕೆಗಳನ್ನು. ಸಿಡಿಯದೆ ಕೈಕಾಲು ಸಣ್ಣಗೆ ನಡುಗುತ್ತಿದ್ದರೆ, ಮ್ಯಾಟ್ರಿಕ್ಸುಗಳನ್ನು ಪಾತ್ರದ ಸ್ವಂತ ಕೇಂದ್ರದಿಂದ ಅಳೆಯದೆ ಲೋಕದ ಮೂಲಬಿಂದುವಿನಿಂದ ಅಳೆದು ಬರೆದಿರುವ ಸಾಧ್ಯತೆ ಹೆಚ್ಚು. 16 ಬಿಟ್‌ನ ಅಂಕಿಗೆ ದೊಡ್ಡ ದೂರಗಳ ಸೂಕ್ಷ್ಮ ವ್ಯತ್ಯಾಸವನ್ನು ಹಿಡಿದಿಡಲಾಗದು.

ಜಿಪಿಯುವಿನ ಸಮಯವೂ ಪುಕ್ಕಟೆಯಲ್ಲ. ಚರ್ಮವನ್ನು ಬಿಡಿಸುವ ಹೊತ್ತಿನಲ್ಲೇ ಸರಿಸುವ ಪದ್ಧತಿಯಲ್ಲಿ ಅದೇ ಪಾತ್ರ ನೆರಳಿನ ಪ್ರತಿ ಪದರಕ್ಕೂ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ. ನೆರಳಿಗೆ ನಾಲ್ಕು ಪದರಗಳಿದ್ದು ಪಾತ್ರ ಎಲ್ಲದರಲ್ಲೂ ಬಿದ್ದರೆ ಒಂದೇ ಫ್ರೇಮಿನಲ್ಲಿ ಐದು ಸಲ. ಒಮ್ಮೆ ಸರಿಸಿ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು, ಆದರೆ ಬಿಂದುವಿಗೆ 24 ಬೈಟ್ ಹಿಡಿದರೂ 400 ಜನಕ್ಕೆ 4.8 ಕೋಟಿ ಬೈಟ್, ಅದನ್ನು ಪ್ರತಿ ಫ್ರೇಮಿಗೂ ಬರೆದು ಓದಬೇಕು. ಗುಂಪಿಗೆ ಎರಡಕ್ಕಿಂತಲೂ ಒಳ್ಳೆಯದು ಬಿಂದುಗಳನ್ನೇ ಕಡಿಮೆ ಮಾಡುವುದು. 40 ಪಿಕ್ಸೆಲ್ ಎತ್ತರದ ಆಕೃತಿಗೆ 5,000 ಬಿಂದುಗಳ ಅಗತ್ಯವೇ ಇಲ್ಲ, 500 ಸಾಕು. ಬೆರಳಿನ ಮೂಳೆಗಳನ್ನೂ ಕೈಬಿಟ್ಟರೆ 60 ಇದ್ದದ್ದು 25ರ ಆಸುಪಾಸಿಗೆ ಬರುತ್ತದೆ.

ಬರೆದಿಟ್ಟ ಚಲನೆಗೆ ಒಂದು ಮೂಲಭೂತ ಮಿತಿಯಿದೆ: ಬರೆದಿಟ್ಟಷ್ಟನ್ನೇ ಅದು ಮಾಡಬಲ್ಲದು. ಮೆಟ್ಟಿಲಿಗೆ ತಕ್ಕಂತೆ ಪಾದವನ್ನು ಹೊಂದಿಸುವುದು, ಆಟಗಾರನ ಕಡೆಗೆ ಕತ್ತು ತಿರುಗಿಸುವುದು, ಪೆಟ್ಟು ತಿಂದು ಸಡಿಲವಾಗಿ ಬೀಳುವುದು ಅದಕ್ಕೆ ಆಗದು. ಕೈಯಲ್ಲಿ ಬುಟ್ಟಿಯೋ ದೀಪವೋ ಇದ್ದರೆ, ಕೈ ಎಲ್ಲಿದೆ ಎಂಬುದು ಸಿಪಿಯುವಿಗೆ ಗೊತ್ತೇ ಇರುವುದಿಲ್ಲ, ಅದನ್ನೂ ಮೆಶ್ಶಿನ ಭಾಗವಾಗಿಯೇ ಸೇರಿಸಬೇಕು. ಹಾಗಾಗಿ ಎರಡು ಬಗೆಯ ಪಾತ್ರಗಳು ಅಕ್ಕಪಕ್ಕದಲ್ಲಿ ಇರಲೇಬೇಕಾಗುತ್ತದೆ. ಫ್ರೆಂಚ್ ಕ್ರಾಂತಿಯ ಪ್ಯಾರಿಸ್ಸಿನ ಬೀದಿಗಳನ್ನು ಭಾರೀ ಜನಸಂದಣಿಯೊಂದಿಗೆ ತೋರಿಸಿದ ಯೂಬಿಸಾಫ್ಟ್‌ನ 2014ರ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿಯಲ್ಲೂ ಹತ್ತಿರದ ಕೆಲವೇ ಜನ ಪೂರ್ಣ ಪಾತ್ರಗಳು, ಹಿಂದಿನ ಗುಂಪೆಲ್ಲ ಹಗುರ ಆಕೃತಿಗಳು. ಆಟಗಾರ ಹತ್ತಿರ ಹೋದಂತೆ ಹಗುರ ಆಕೃತಿಯ ಜಾಗಕ್ಕೆ ಪೂರ್ಣ ಪಾತ್ರ ಬರುತ್ತದೆ.

ಈ ಅದಲು ಬದಲು ಕಣ್ಣಿಗೆ ಬೀಳದಿರಲು ಹೆಜ್ಜೆಯ ಕ್ಷಣ ಎರಡು ಕಡೆಯೂ ಒಂದೇ ಆಗಿರಬೇಕು, ಬಲಗಾಲೆತ್ತಿದವನು ಬದಲಾದ ಮೇಲೂ ಬಲಗಾಲನ್ನೇ ಎತ್ತಿರಬೇಕು. ಬಟ್ಟೆಯ ಬಣ್ಣ, ಎತ್ತರ, ಮುಖ ಕೂಡ ಒಂದೇ ಸಂಖ್ಯೆಯಿಂದ ಹುಟ್ಟಬೇಕು. ಬದಲಾಗುವ ಗೆರೆಯೂ ಒಂದೇ ಆಗಿರಬಾರದು. 120 ಪಿಕ್ಸೆಲ್ ಎತ್ತರಕ್ಕೆ ಪೂರ್ಣ ಪಾತ್ರವಾದವನು 100ಕ್ಕೆ ಇಳಿದ ಮೇಲಷ್ಟೇ ಹಗುರವಾಗಬೇಕು. ನಡುವಿನ ಅಂತರವಿಲ್ಲದಿದ್ದರೆ ಗೆರೆಯ ಮೇಲೆಯೇ ಅತ್ತಿತ್ತ ಸರಿಯುವ ಪಾತ್ರವೊಂದು ಪ್ರತಿ ಫ್ರೇಮಿಗೂ ರೂಪ ಬದಲಿಸುತ್ತದೆ, ಪ್ರತಿ ಬದಲಾವಣೆಗೂ ಮೂಳೆಗಳ ವ್ಯವಸ್ಥೆಯನ್ನು ಹೊಸದಾಗಿ ಸಿದ್ಧಪಡಿಸುವ ಖರ್ಚು ಬೀಳುತ್ತದೆ. ಪೂರ್ಣ ಪಾತ್ರಗಳನ್ನು ಮೊದಲೇ ತಯಾರಿಸಿ ಒಂದು ಕಡೆ ಇಟ್ಟುಕೊಂಡು, ಬೇಕಾದಾಗ ತೆಗೆದು ಮುಗಿದಾಗ ಮರಳಿಸಿದರೆ ಆ ಖರ್ಚು ಗೇಮ್ ಶುರುವಾಗುವ ಹೊತ್ತಿಗೇ ಮುಗಿದಿರುತ್ತದೆ.